ಬಾಬಾನ ಚೀಟಿ, ಊರಿನ ತಂತ್ರಿ

ನಮಸ್ಕಾರ. ಡೊಂಬಿವಲಿಯಿಂದ ಲೋಕಲ್ ರೈಲು ಹತ್ತುವವರಿಗೆ ಡಬ್ಬಿಯೊಳಗೆ ಅಂಟಿಸಿದ ಆ ಚೀಟಿ ಗೊತ್ತೇ ಇರುತ್ತದೆ. ವಶೀಕರಣ, ಪ್ರೇಮವಿವಾಹ, ಶತ್ರುಕಾಟ, ಎಲ್ಲಕ್ಕೂ ಒಬ್ಬನೇ ‘ತಾಂತ್ರಿಕ ಬಾಬಾ’. ಗೋವಾದ ಕಡಲತೀರಕ್ಕೆ ಹೋದರೆ ಅದೇ ಪದಕ್ಕೆ ಕಾಮದ ಶಿಬಿರ ಎಂಬ ಅರ್ಥ. ತಮಾಷೆಯೆಂದರೆ, ಚೀಟಿ ನೋಡಿ ಮುಖ ತಿರುಗಿಸುವ ನಮ್ಮ ಕರಾವಳಿಯವರೇ ಊರಿನ ದೇವಸ್ಥಾನದ ಬ್ರಹ್ಮಕಲಶದ ಮಾತು ಬಂದಾಗ ‘ತಂತ್ರಿಗಳು ಯಾರು?’ ಎಂದು ಭಕ್ತಿಯಿಂದ ಕೇಳುತ್ತಾರೆ. ಇಬ್ಬರ ಹೆಸರಿನಲ್ಲೂ ಇರುವುದು ಒಂದೇ ಪದ, ‘ತಂತ್ರ’.

ಆ ಪದ ಹುಟ್ಟಿದ್ದು ಮಗ್ಗದಲ್ಲಿ. ‘ತನ್’ ಎಂದರೆ ಹರಡು, ಎಳೆದು ಚಾಚು. ಮಗ್ಗದಿಂದ ಆಗಷ್ಟೇ ಇಳಿಸಿದ ಬಟ್ಟೆಗೆ ಪಾಣಿನಿಯ ವ್ಯಾಕರಣದಲ್ಲಿ ‘ತಂತ್ರಕ’ ಎಂಬ ಹೆಸರಿದೆ. ನೂಲುಗಳನ್ನು ಕ್ರಮವಾಗಿ ಹೊಂದಿಸುವ ಕೆಲಸದಿಂದ, ವಿಚಾರಗಳನ್ನು ಕ್ರಮವಾಗಿ ಹೊಂದಿಸಿದ ಶಾಸ್ತ್ರಕ್ಕೂ ಆ ಹೆಸರು ಬಂತು. ಮಾಟಕ್ಕೆ ಸಂಬಂಧವೇ ಇಲ್ಲದ ಸಾಂಖ್ಯದರ್ಶನವನ್ನೂ ಹಳಬರು ತಂತ್ರವೆಂದೇ ಕರೆದರು. ಶೈವ, ವೈಷ್ಣವ, ಶಾಕ್ತ, ಬೌದ್ಧ ಗ್ರಂಥಗಳು ಆ ಹೆಸರು ಹೊತ್ತದ್ದು ಆಮೇಲೆ. ಮಧ್ವಾಚಾರ್ಯರ ‘ತಂತ್ರಸಾರಸಂಗ್ರಹ’ವನ್ನು ತೆರೆದರೆ ಸಿಗುವುದು ಮಂತ್ರ, ಪೂಜೆ, ಹೋಮ, ವಿಗ್ರಹದ ಅಳತೆ, ಪ್ರತಿಷ್ಠೆ.

ತಂತ್ರಿ ಗರ್ಭಗುಡಿಯಲ್ಲಿ ಏನು ಮಾಡುತ್ತಾರೆ? ಭೂತಶುದ್ಧಿಯನ್ನೇ ನೋಡಿ. ಇಲ್ಲಿ ಭೂತ ಎಂದರೆ ದೆವ್ವವಲ್ಲ, ಪಂಚಭೂತ. ಪೂಜಿಸುವವನು ಮನಸ್ಸಿನಲ್ಲೇ ತನ್ನ ದೇಹದ ಭೂಮಿಯನ್ನು ನೀರಿನಲ್ಲಿ, ನೀರನ್ನು ಬೆಂಕಿಯಲ್ಲಿ, ಬೆಂಕಿಯನ್ನು ಗಾಳಿಯಲ್ಲಿ, ಗಾಳಿಯನ್ನು ಆಕಾಶದಲ್ಲಿ ಕರಗಿಸುತ್ತಾನೆ. ದೇಹ ಒಣಗಿ ಸುಟ್ಟು ಬೂದಿಯಾಯಿತೆಂದೂ, ಅಮೃತ ಸುರಿದು ಹೊಸದಾಗಿ ಹುಟ್ಟಿತೆಂದೂ ಭಾವಿಸುತ್ತಾನೆ. ಅನಂತರ ನ್ಯಾಸ: ಅಕಾರದಿಂದ ಕ್ಷಕಾರದವರೆಗಿನ ಅಕ್ಷರಗಳನ್ನು ಒಂದೊಂದು ಅಂಗದ ಮೇಲೆ ಇರಿಸುವುದು. ಮಾಮೂಲಿ ದೇಹದಿಂದ ದೇವರನ್ನು ಮುಟ್ಟಲಾಗದು, ಆದ್ದರಿಂದ ದೇಹವನ್ನೇ ಮತ್ತೆ ಕಟ್ಟಿಕೊಳ್ಳಬೇಕು ಎಂಬುದು ಇದರ ತರ್ಕ. ಈ ಕಲ್ಪನೆ ನನಗೆ ಬೆರಗು ಹುಟ್ಟಿಸುತ್ತದೆ.

ಹಾಗೆಂದು ‘ನಿಜವಾದ ತಂತ್ರ ಬರೀ ಪವಿತ್ರ, ಕೊಳಕನ್ನೆಲ್ಲ ಇನ್ಯಾರೋ ಸೇರಿಸಿದರು’ ಎನ್ನುವ ನಮ್ಮವರ ಮಾತನ್ನೂ ನಾನು ಒಪ್ಪುವುದಿಲ್ಲ. ವಶೀಕರಣ, ಉಚ್ಚಾಟನ, ಮಾರಣ ಮೊದಲಾದ ಷಟ್ಕರ್ಮಗಳು ಹಲವು ತಂತ್ರಗ್ರಂಥಗಳಲ್ಲಿ ಬರೆದೇ ಇವೆ. ವಶೀಕರಣವೆಂಬ ಪದ ಬಾಬಾ ಸ್ವಂತವಾಗಿ ಸೃಷ್ಟಿಸಿದ್ದಲ್ಲ. ಮದ್ಯ, ಮಾಂಸ, ಮೈಥುನವೂ ತಂತ್ರದ ಒಂದು ಪಂಥವಾದ ಕೌಲಮಾರ್ಗದಲ್ಲಿ ಉಂಟು. ತಪ್ಪಿರುವುದು ಪ್ರಮಾಣದಲ್ಲಿ. ಕಾಶ್ಮೀರದ ಶೈವ ಆಚಾರ್ಯ ಅಭಿನವಗುಪ್ತನ ‘ತಂತ್ರಾಲೋಕ’ದಲ್ಲಿ 37 ಆಹ್ನಿಕಗಳು, ಅಂದರೆ ಅಧ್ಯಾಯಗಳು ಇವೆ. ಕೌಲರ ಗುಟ್ಟಿನ ವಿಧಿ ಬರುವುದು 29ನೆಯದರಲ್ಲಿ, ಅದೂ ದೀಕ್ಷೆ ಪಡೆದ, ಯೋಗ್ಯತೆಯುಳ್ಳ ಕೆಲವರಿಗೆ ಮಾತ್ರ. ಶಿಬಿರದವರು ಆ ಒಂದನ್ನು ಹಿಡಿದುಕೊಂಡು ಉಳಿದದ್ದನ್ನು ಬಿಟ್ಟರು. ದೀಕ್ಷೆಯ ಜಾಗದಲ್ಲಿ ಶುಲ್ಕ ಬಂತು. ಬಾಬಾನಿಗಂತೂ ಗ್ರಂಥವೇ ಬೇಡ, ಮೊಬೈಲ್ ಸಂಖ್ಯೆ ಸಾಕು.