ಒಂದು ಲಕ್ಷಕ್ಕೆ ಕಂತು ಎಷ್ಟು? ಬಾಯಿಲೆಕ್ಕದ ಒಂದು ದಾರಿ

ಸ್ನೇಹಿತರೇ, ಮೊದಲು 900 ಎಂಬ ಒಂದು ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ. ಒಂದು ಲಕ್ಷ ರೂಪಾಯಿ ಸಾಲ, ವರ್ಷಕ್ಕೆ ಶೇ 9 ಬಡ್ಡಿ, 20 ವರ್ಷದ ಅವಧಿ. ಇದಕ್ಕೆ ತಿಂಗಳ ಕಂತು 900 ರೂಪಾಯಿ. ಪೈಸೆ ಲೆಕ್ಕ ಹಿಡಿದರೆ 899.73. ಇವತ್ತು ನಾನು ಹೇಳುವುದೆಲ್ಲ ಈ 900ರ ಸುತ್ತ ಕಟ್ಟಿದ್ದು.

ಶೇ 9ನ್ನೇ ಯಾಕೆ ಹಿಡಿದೆ ಅಂತ ಕೇಳಬಹುದು. ನಮ್ಮಲ್ಲಿ ಮನೆ ಸಾಲದ ಬಡ್ಡಿ ಹೆಚ್ಚಾಗಿ ಅದರ ಆಚೀಚೆ ಓಡಾಡುತ್ತದೆ. ಜೊತೆಗೆ ಶೇ 9ರಲ್ಲಿ ಕಂತುಗಳು ನೆನಪಿಡಲು ಸುಲಭವಾದ ಸಂಖ್ಯೆಗಳಾಗಿ ಬರುತ್ತವೆ. 30 ವರ್ಷಕ್ಕೆ 805. 20 ವರ್ಷಕ್ಕೆ 900. 15 ವರ್ಷಕ್ಕೆ 1,015. 10 ವರ್ಷಕ್ಕೆ 1,265. 5 ವರ್ಷಕ್ಕೆ 2,075. ಐದೇ ಸಂಖ್ಯೆ, ಒಂದೆರಡು ಸಲ ಬರೆದರೆ ಸಾಕು.

ಬಡ್ಡಿ ದರ ಶೇ 9 ಅಲ್ಲದಿದ್ದರೆ? ಇದಕ್ಕೂ ಒಂದು ಚಂದದ ಸಾಲು ಇದೆ. ದರ ಒಂದು ಪರ್ಸೆಂಟ್ ಏರಿದರೆ ಅಥವಾ ಇಳಿದರೆ ಲಕ್ಷಕ್ಕೆ ಕಂತು ಎಷ್ಟು ಬದಲಾಗುತ್ತದೆ ನೋಡಿ. 30 ವರ್ಷಕ್ಕೆ 70 ರೂಪಾಯಿ, 20ಕ್ಕೆ 65, 15ಕ್ಕೆ 60, 10ಕ್ಕೆ 55, 5ಕ್ಕೆ 50. ಐದೈದು ರೂಪಾಯಿ ಇಳಿಯುತ್ತಾ ಹೋಗುತ್ತದೆ ಅಷ್ಟೆ.

ಯಾಕೆ ಹೀಗೆ? ಒಂದು ಲಕ್ಷಕ್ಕೆ ಒಂದು ಪರ್ಸೆಂಟ್ ಅಂದರೆ ವರ್ಷಕ್ಕೆ 1,000, ತಿಂಗಳಿಗೆ 83 ರೂಪಾಯಿ. ಸಾಲ ಪೂರ್ತಿ ಹಾಗೇ ಉಳಿದಿದ್ದರೆ ಕಂತು 83 ರೂಪಾಯಿಯೇ ಏರಬೇಕಿತ್ತು. ಆದರೆ 5 ವರ್ಷದ ಸಾಲದಲ್ಲಿ ಅಸಲು ಬೇಗ ಕರಗುತ್ತದೆ. ಸರಾಸರಿ ನೋಡಿದರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಬಾಕಿ ಇರುತ್ತದೆ. ಹಾಗಾಗಿ 83ರ ಅರ್ಧಕ್ಕಿಂತ ಸ್ವಲ್ಪ ಮೇಲೆ, 50ರ ಹತ್ತಿರ ನಿಲ್ಲುತ್ತದೆ. 30 ವರ್ಷದ ಸಾಲದಲ್ಲಿ ಬಹಳ ಕಾಲ ಅಸಲು ಅಲುಗಾಡುವುದೇ ಇಲ್ಲ. ಅದಕ್ಕೇ 83ರ ಹತ್ತಿರ ಬರುತ್ತದೆ. ಈ ಕಾರಣ ಗೊತ್ತಿದ್ದರೆ ಸಂಖ್ಯೆ ಮರೆತರೂ ಅಂದಾಜು ಸಿಗುತ್ತದೆ.

ಈಗ ಒಂದು ಸಾಲ ಹಿಡಿದು ಲೆಕ್ಕ ಮಾಡೋಣ. 35 ಲಕ್ಷ ಬೇಕು, ದರ ಶೇ 8.75, ಅವಧಿ 20 ವರ್ಷ. ದರ 9ಕ್ಕಿಂತ ಕಾಲು ಪರ್ಸೆಂಟ್ ಕಡಿಮೆ. 65ರ ಕಾಲು ಭಾಗ 16. ಅಂದರೆ ಲಕ್ಷಕ್ಕೆ 884. ಗುಣಿಸುವಾಗ ಮೊದಲು 900ನ್ನೇ ಹಿಡಿಯಿರಿ. 35 ಸಲ 900 ಅಂದರೆ 31,500. ಅದರಲ್ಲಿ 35 ಸಲ 16, ಅಂದರೆ 560 ಕಳೆದರೆ 30,940. ಕ್ಯಾಲ್ಕುಲೇಟರ್ ತೋರಿಸುವುದು 30,930. ಹತ್ತು ರೂಪಾಯಿ ವ್ಯತ್ಯಾಸ.

ಅದೇ ಸಾಲವನ್ನು 15 ವರ್ಷಕ್ಕೆ ತಗೊಂಡರೆ? 1,015ರಲ್ಲಿ 15 ಕಳೆದರೆ ಲಕ್ಷಕ್ಕೆ ಸರಿಯಾಗಿ 1,000, ಕಂತು 35,000. 30 ವರ್ಷಕ್ಕಾದರೆ ಲಕ್ಷಕ್ಕೆ 787, ಕಂತು ಸುಮಾರು 27,550. ಈ ಮೂರನ್ನು ಪಕ್ಕಪಕ್ಕ ಇಟ್ಟು ನೋಡಿ. 20ರಿಂದ 30 ವರ್ಷಕ್ಕೆ ಹೋದರೆ ತಿಂಗಳಿಗೆ ಉಳಿಯುವುದು ಸುಮಾರು 3,400. ಆದರೆ ಒಟ್ಟು ಕಟ್ಟುವ ಹಣ ಸುಮಾರು 74 ಲಕ್ಷದಿಂದ 99 ಲಕ್ಷಕ್ಕೆ ಏರುತ್ತದೆ. ಅತ್ತ 15 ವರ್ಷಕ್ಕೆ ಇಳಿಸಿದರೆ ತಿಂಗಳಿಗೆ ನಾಲ್ಕು ಸಾವಿರ ಜಾಸ್ತಿ, ಒಟ್ಟು 63 ಲಕ್ಷ. ನನ್ನ ಮಟ್ಟಿಗೆ, ಕಂತು ಹೊರೆ ಅನ್ನಿಸಿದಾಗ 30 ವರ್ಷಕ್ಕೆ ಎಳೆಯುವ ಬದಲು ಸಾಲವನ್ನೇ ನಾಲ್ಕು ಲಕ್ಷ ಕಡಿಮೆ ಮಾಡುವುದು ಒಳ್ಳೆಯದು. ತಿಂಗಳ ಉಳಿತಾಯ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ನಾಲ್ಕು ಸಲ 884 ಮಾಡಿ ನೋಡಿ.

ಒಂದು ಎಚ್ಚರಿಕೆ. ಎರಡು ಅವಧಿಗಳ ನಡುವೆ ಸುಮ್ನೆ ಸರಾಸರಿ ತೆಗೆಯಬೇಡಿ. 5 ವರ್ಷಕ್ಕೆ 2,075, 10ಕ್ಕೆ 1,265. ಹಾಗಾದರೆ ಏಳೂವರೆ ವರ್ಷಕ್ಕೆ 1,670 ಅನ್ನಿಸುತ್ತದೆ, ಅಲ್ವಾ? ನಿಜವಾಗಿ ಅದು 1,532. ಅವಧಿ ಕಡಿಮೆ ಇರುವ ಕಡೆ ಕಂತು ತುಂಬಾ ಬೇಗ ಏರುತ್ತದೆ. ವಾಹನ ಸಾಲಕ್ಕೆ 7 ವರ್ಷ ಕೇಳುವವರು 1,610 ಅನ್ನು ಬೇರೆಯಾಗಿಯೇ ನೆನಪಿಡಿ. ಬಡ್ಡಿ ದರದ ವಿಷಯದಲ್ಲಿ ಈ ತೊಂದರೆ ಕಡಿಮೆ. ಶೇ 12ಕ್ಕೆ ಹೋದರೂ 20 ವರ್ಷದ ಕಂತು ನಮ್ಮ ಲೆಕ್ಕದಲ್ಲಿ 1,095, ನಿಜವಾದದ್ದು 1,101.

ಈ ಲೆಕ್ಕ ಬಹಳ ಉಪಯೋಗಕ್ಕೆ ಬರುವುದು ಫ್ಲಾಟ್ ರೇಟ್ ಹೇಳಿದಾಗ. 'ಶೇ 10 ಫ್ಲಾಟ್, 5 ವರ್ಷ' ಅಂತಾರೆ. ಅಂದರೆ ಲಕ್ಷಕ್ಕೆ ವರ್ಷಕ್ಕೆ 10,000, ಐದು ವರ್ಷಕ್ಕೆ 50,000 ಬಡ್ಡಿ. ಒಂದೂವರೆ ಲಕ್ಷವನ್ನು 60 ತಿಂಗಳಿಗೆ ಹಂಚಿದರೆ ಕಂತು 2,500. ಈಗ ನಮ್ಮ ಸಂಖ್ಯೆ ತೆಗೆಯಿರಿ. ಶೇ 9ಕ್ಕೆ 2,075. ವ್ಯತ್ಯಾಸ 425. ಒಂದು ಪರ್ಸೆಂಟಿಗೆ 50ರಂತೆ ಅದು ಎಂಟೂವರೆ ಪರ್ಸೆಂಟ್. ಸೇರಿಸಿದರೆ ಶೇ 17.5. ನಿಖರವಾಗಿ ಲೆಕ್ಕ ಹಾಕಿದರೆ ಶೇ 17.3. ನೀವು ಅಸಲು ತೀರಿಸುತ್ತಾ ಬಂದರೂ ಪೂರ್ತಿ ಒಂದು ಲಕ್ಷಕ್ಕೇ ಕೊನೆಯವರೆಗೂ ಬಡ್ಡಿ ಹಾಕುವುದರಿಂದ ಹೀಗಾಗುತ್ತದೆ. ಮೇಜಿನ ಆಚೆ ಕೂತವರು ದರ ಹೇಳುತ್ತಿದ್ದರೆ ನೀವು 'ಲಕ್ಷಕ್ಕೆ ಕಂತು ಎಷ್ಟು?' ಅಂತ ಕೇಳಿ. ಆ ಒಂದು ಸಂಖ್ಯೆಯಿಂದ ನಿಜವಾದ ದರ ಹೊರಗೆ ಬರುತ್ತದೆ.

ಇನ್ನೊಂದು ಸಂಖ್ಯೆ ಇದೆ. ಅದನ್ನು ತಳ ಅಂತ ಕರೆಯೋಣ. ದರವನ್ನು 12ರಿಂದ ಭಾಗಿಸಿದರೆ ಒಂದು ತಿಂಗಳ ಬರೀ ಬಡ್ಡಿ ಸಿಗುತ್ತದೆ. ಶೇ 9ಕ್ಕೆ ಲಕ್ಷಕ್ಕೆ 750. ಅಂದರೆ 900ರ ಮೊದಲ ಕಂತಿನಲ್ಲಿ ಅಸಲಿಗೆ ಹೋಗುವುದು 150 ಮಾತ್ರ. ಕಂತು ಯಾವತ್ತೂ ಈ ತಳಕ್ಕಿಂತ ಮೇಲಿರಬೇಕು.

ಇಲ್ಲದಿದ್ದರೆ ಏನಾಗುತ್ತದೆ ಅಂತ 2022ರಲ್ಲಿ ನೋಡಿದ್ದೇವೆ. ಆ ವರ್ಷದ ಮೇ ತಿಂಗಳಿಂದ 2023ರ ಫೆಬ್ರುವರಿವರೆಗೆ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ದರ, ಶೇ 4ರಿಂದ 6.5ಕ್ಕೆ ಏರಿತು. ಅದರ ಜೊತೆ ಮನೆ ಸಾಲದ ದರವೂ ಏರಿತು. ಶೇ 7ರಲ್ಲಿ 20 ವರ್ಷದ ಸಾಲ ತಗೊಂಡವರ ಕಂತು ಲಕ್ಷಕ್ಕೆ 775. ಒಂದು ವರ್ಷ ಕಟ್ಟಿದ ಮೇಲೆ ಲಕ್ಷದಲ್ಲಿ ಬಾಕಿ ಸುಮಾರು 97,600. ದರ ಎರಡೂವರೆ ಪರ್ಸೆಂಟ್ ಏರಿ 9.5 ಆಯಿತು ಅನ್ನಿ. ಆ ಬಾಕಿಗೆ ತಿಂಗಳ ಬಡ್ಡಿಯೇ 773. ಕಂತು ಮೊದಲಿನಷ್ಟೇ ಇಟ್ಟು ಅವಧಿಯನ್ನು ಮಾತ್ರ ಬೆಳೆಸಿದರೆ ಅಸಲಿಗೆ ಹೋಗುವುದು ಎರಡು ಚಿಲ್ಲರೆ ರೂಪಾಯಿ. ಹೀಗೆ ಹೋದರೆ ಸಾಲ ತೀರಲು ಇನ್ನೂ 60 ವರ್ಷ ಬೇಕು! ದರ ಇನ್ನೊಂಚೂರು ಏರಿದರೆ ಕಂತು ಬಡ್ಡಿಗೂ ಸಾಲುವುದಿಲ್ಲ, ಬಾಕಿಯೇ ಬೆಳೆಯುತ್ತದೆ.

ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಇದರ ಬಗ್ಗೆ ಸೂಚನೆ ಹೊರಡಿಸಿತು. ದರ ಬದಲಾದಾಗ ಕಂತು ಏರಿಸಬೇಕೋ, ಅವಧಿ ಬೆಳೆಸಬೇಕೋ, ಎರಡೂ ಸ್ವಲ್ಪಸ್ವಲ್ಪ ಆಗಬೇಕೋ ಎಂದು ಆರಿಸುವ ಅವಕಾಶ ಸಾಲಗಾರರಿಗೆ ಇರಬೇಕು. ಅವಧಿ ಬೆಳೆಸುವುದರಿಂದ ಬಾಕಿ ಉಬ್ಬುವಂತಾಗಬಾರದು. ಹಾಗಾಗಿ ದರ ಬದಲಾಯಿತು ಎಂಬ ಸಂದೇಶ ಬಂದ ದಿನ ಎರಡೇ ಕೆಲಸ ಮಾಡಿ. ಬಾಕಿಯನ್ನು ಹೊಸ ದರದಿಂದ ಗುಣಿಸಿ, 12ರಿಂದ ಭಾಗಿಸಿ ತಳ ಕಂಡುಕೊಳ್ಳಿ. ನಿಮ್ಮ ಕಂತು ಆ ತಳಕ್ಕಿಂತ ಎಷ್ಟು ಮೇಲಿದೆ ನೋಡಿ. ಬಾಕಿಯ ಪ್ರತಿ ಲಕ್ಷಕ್ಕೆ ಆ ಅಂತರ 50 ರೂಪಾಯಿಗಿಂತ ಕೆಳಗೆ ಬಂದಿದ್ದರೆ, ಶೇ 9ರ ಆಸುಪಾಸಿನ ದರದಲ್ಲಿ ಉಳಿದ ಅವಧಿ ಹೆಚ್ಚುಕಡಿಮೆ 30 ವರ್ಷ ದಾಟಿರುತ್ತದೆ. ಆಗ ಕಂತು ಏರಿಸಿ ಎಂದು ಬ್ಯಾಂಕಿಗೆ ನೀವೇ ಬರೆದು ಕೊಡಿ.