ಬಿಸಿಲಿನ ನೀರಡಿಕೆಯೋ, ಸಕ್ಕರೆಯ ನೀರಡಿಕೆಯೋ?

ಕೇಳುಗರಿಗೆ ನಮಸ್ಕಾರ.

ಕಲಬುರಗಿಯಲ್ಲಿ ಶರಣಬಸವೇಶ್ವರರ ಜಾತ್ರೆ ಮುಗಿದ ಮೇಲೆ ಬಿಸಿಲಿನದೇ ಮಾತು. ಯಾರನ್ನು ಕೇಳಿದರೂ ನೀರಡಿಕೆ, ಯಾರನ್ನು ಕೇಳಿದರೂ ಸುಸ್ತು. ಡಾಕ್ಟರಾದ ನನಗೆ ಇದೇ ತಲೆನೋವು. ಸಕ್ಕರೆ ಕಾಯಿಲೆ ಶುರುವಾಗುವಾಗಲೂ ಜನ ಹೇಳುವುದು ಇದೇ ಎರಡು ಮಾತು.

ಹೋದ ಏಪ್ರಿಲ್‌ನಲ್ಲಿ ತೊಗರಿ ಬೆಳೆಯುವ ರೈತರೊಬ್ಬರು ಬಂದಿದ್ದರು. ವಯಸ್ಸು 45ರ ಆಸುಪಾಸು. "ಬಿಸಿಲು ಭಾಳ ಅದರೀ ಸಾಹೇಬ್ರ, ಎಷ್ಟು ನೀರು ಕುಡದ್ರೂ ಬಾಯಿ ಒಣಗತದ" ಎಂದರು. ಒಂದಕ್ಕೆ ಹೇಗೆ ಹೋಗುತ್ತಿದೆ ಎಂದು ಕೇಳಿದೆ. ಅವರು ಸುಮ್ಮನಾದರು. ಹೆಂಡತಿಯೇ ಬಾಯಿಬಿಟ್ಟರು: "ರಾತ್ರಿ ನಾಲ್ಕು ಸಲ ಏಳ್ತಾರ್ರೀ. ನನಗೂ ನಿದ್ದಿ ಇಲ್ಲ." ಎರಡು ತಿಂಗಳಲ್ಲಿ ಅಂಗಿ ಸಡಿಲವಾಗಿತ್ತು ಅಂತಲೂ ಅವರೇ ಹೇಳಿದರು.

ನನಗೆ ಬೇಕಾಗಿದ್ದ ಸುಳಿವು ಅದೇ. ಬಿಸಿಲಿಗೆ ನೀರಡಿಕೆಯಾದರೆ ನೀರು ಬೆವರಾಗಿ ಹೋಗುತ್ತದೆ. ಮೂತ್ರ ಕಡಿಮೆ ಬರುತ್ತದೆ, ಹಳದಿಯಾಗಿರುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಉಲ್ಟಾ. ನೀರೂ ಜಾಸ್ತಿ, ಮೂತ್ರವೂ ಜಾಸ್ತಿ. ಅದೂ ತಿಳಿನೀರಿನ ಹಾಗೆ, ತಂಪಾದ ರಾತ್ರಿಯಲ್ಲೂ.

ಯಾಕೆ ಹೀಗೆ? ನಮ್ಮ ಮೂತ್ರಪಿಂಡ ರಕ್ತ ಸೋಸುವಾಗ ಸಕ್ಕರೆಯನ್ನು ಹೊರಗೆ ಬಿಡುವುದಿಲ್ಲ, ವಾಪಸ್ ಎಳೆದುಕೊಳ್ಳುತ್ತದೆ. ಆದರೆ ಅದಕ್ಕೂ ಒಂದು ಮಿತಿ ಇದೆ. ರಕ್ತದ ಸಕ್ಕರೆ ಸುಮಾರು 180 ದಾಟಿದರೆ ಉಳಿದದ್ದು ಮೂತ್ರಕ್ಕೆ ಸೋರುತ್ತದೆ. ಸಕ್ಕರೆ ಒಂದೇ ಹೋಗುವುದಿಲ್ಲ, ನೀರನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಹಾಗಾಗಿ ಮೈ ಒಣಗುತ್ತದೆ, ನೀರಡಿಕೆ ಆಗುತ್ತದೆ. ಅಂದರೆ ನೀರು ಕುಡಿದದ್ದಕ್ಕೆ ಮೂತ್ರ ಬರುತ್ತಿಲ್ಲ, ಮೂತ್ರ ಹೋಗಿದ್ದಕ್ಕೆ ನೀರಡಿಕೆ ಆಗುತ್ತಿದೆ. ಸುಸ್ತಿಗೂ ಕಾರಣ ಹತ್ತಿರದ್ದೇ. ರಕ್ತದಲ್ಲಿ ಸಕ್ಕರೆ ತುಂಬಿರುತ್ತದೆ, ಆದರೆ ಇನ್ಸುಲಿನ್ ಸಾಲದೆಯೋ ಸರಿಯಾಗಿ ಕೆಲಸ ಮಾಡದೆಯೋ ಅದು ಸ್ನಾಯುಗಳ ಒಳಗೆ ಹೋಗುವುದಿಲ್ಲ. ಕಣಜ ತುಂಬಿದ್ದರೂ ಒಲೆ ಹಚ್ಚಿಲ್ಲದ ಮನೆಯಂತೆ.

ಈ ರೈತರು ನೀರಡಿಕೆಗೆ ಏನು ಕುಡಿಯುತ್ತಿದ್ದರು ಗೊತ್ತೇ? ದಿನಾ ಎರಡು ಗ್ಲಾಸು ಕಬ್ಬಿನ ಹಾಲು! ಕುಡಿದಷ್ಟೂ ನೀರಡಿಕೆ ಹೆಚ್ಚುತ್ತಿತ್ತು.

ಬೆರಳು ಚುಚ್ಚಿ ನೋಡಿದಾಗ ಮೀಟರು 412 ತೋರಿಸಿತು. ನನಗೆ ಅನುಮಾನ ಬಂತು. ಕೈ ಅಂಟಂಟಾಗಿತ್ತು, ಬರುವ ದಾರಿಯಲ್ಲೂ ಕಬ್ಬಿನ ಹಾಲು ಆಗಿತ್ತು. ಬೆರಳ ಮೇಲಿನ ಸಿಹಿಯೂ ರಕ್ತದ ಹನಿಗೆ ಸೇರುತ್ತದೆ. ಸೋಪು ಹಚ್ಚಿ ಕೈ ತೊಳೆಸಿ, ಒರೆಸಿ, ಇನ್ನೊಂದು ಬೆರಳು ಚುಚ್ಚಿದೆ. 286 ಬಂತು. ಮನೆಯಲ್ಲಿ ಮೀಟರು ಇಟ್ಟುಕೊಂಡವರು ಇದನ್ನು ನೆನಪಿಡಿ, ಮಾವಿನಹಣ್ಣು ಹೆಚ್ಚಿದ ಕೈಯಲ್ಲಂತೂ ನೋಡಲೇಬೇಡಿ.

ಆದರೆ ಮೀಟರು ಸುಳಿವು ಕೊಡುತ್ತದೆ ಅಷ್ಟೇ. ಕಾಯಿಲೆ ಖಚಿತ ಮಾಡಲು ತೋಳಿನ ರಕ್ತನಾಳದಿಂದ ರಕ್ತ ತೆಗೆದು ಲ್ಯಾಬಿನಲ್ಲೇ ನೋಡಬೇಕು. ಮರುದಿನ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿದೆ. ಖಾಲಿ ಹೊಟ್ಟೆ ಎಂದರೆ ಎಂಟು ಗಂಟೆ ಬರೀ ನೀರು. ಅರ್ಧ ಕಪ್ ಚಹಾ ಕೂಡ ಆಗದು. ಅವರದು 168 ಬಂತು. 126 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಕ್ಕರೆ ಕಾಯಿಲೆ. ಜೊತೆಗೆ ಎಚ್‌ಬಿಎ1ಸಿ ಎಂಬ ಪರೀಕ್ಷೆ ಮಾಡಿಸಿದೆ. ಸಕ್ಕರೆ ರಕ್ತದ ಕೆಂಪು ಕಣಗಳಿಗೆ ಅಂಟಿಕೊಳ್ಳುತ್ತದೆ, ಆ ಅಂಟಿನಿಂದ ಎರಡು ಮೂರು ತಿಂಗಳ ಸರಾಸರಿ ತಿಳಿಯುತ್ತದೆ. ಅದಕ್ಕೆ ಉಪವಾಸವೂ ಬೇಡ. 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಕ್ಕರೆ ಕಾಯಿಲೆ, ಇವರದು 9.1 ಇತ್ತು. ಒಂದು ದಿನದ ಕಬ್ಬಿನ ಹಾಲಿನಿಂದ ಅಷ್ಟಾಗುವುದಿಲ್ಲ. ಆದರೆ ರಕ್ತ ಕಡಿಮೆ ಇರುವವರಲ್ಲಿ, ಈಚೆಗೆ ರಕ್ತ ಹಾಕಿಸಿಕೊಂಡವರಲ್ಲಿ ಈ ಪರೀಕ್ಷೆ ತಪ್ಪು ಹೇಳಬಹುದು. ಅಂಥವರಿಗೆ ಖಾಲಿ ಹೊಟ್ಟೆಯ ಲೆಕ್ಕವೇ ಗಟ್ಟಿ.

ಅವರ ಹೆಂಡತಿಯೂ "ನಂದೂ ನೋಡಿಬಿಡ್ರೀ" ಎಂದರು. ಖಾಲಿ ಹೊಟ್ಟೆಯಲ್ಲಿ 128 ಬಂತು. ಆಕೆಗೆ ನೀರಡಿಕೆ ಇಲ್ಲ, ಸುಸ್ತಿಲ್ಲ. ಲಕ್ಷಣಗಳೇ ಇಲ್ಲದಾಗ ಒಂದೇ ರಿಪೋರ್ಟ್ ನೋಡಿ ಕಾಯಿಲೆ ಎನ್ನುವುದಿಲ್ಲ, ಇನ್ನೊಂದು ದಿನ ಮತ್ತೆ ನೋಡಬೇಕು. ಮುಂದಿನ ವಾರ 117 ಬಂತು. ಕಾಯಿಲೆಯಲ್ಲ, ಆದರೆ ಅದರ ಅಂಚು. ವರ್ಷಕ್ಕೊಮ್ಮೆ ನೋಡಿಸಬೇಕು ಎಂದೆ.

ಒಂದು ವಿಷಯದಲ್ಲಿ ಮಾತ್ರ ಕಾಯಬೇಡಿ. ಈ ನೀರಡಿಕೆಯ ಜೊತೆ ವಾಂತಿ, ಹೊಟ್ಟೆನೋವು, ಜೋರು ಉಸಿರು ಅಥವಾ ಮಂಪರು ಬಂದರೆ ಅಂದೇ ಆಸ್ಪತ್ರೆಗೆ ಹೋಗಿ. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಶುರುಮಾಡಿ, ನೀರು ನೀರು ಎನ್ನುತ್ತಾ ಸೊರಗುತ್ತಿದ್ದರೆ, ಆ ಮಗುವಿನ ಸಕ್ಕರೆಯನ್ನೂ ಅಂದೇ ನೋಡಿಸಿ. ನಮಸ್ಕಾರ.