ಕೋಚಿಂಗ್ ಸೆಂಟರ್‌ಗೆ ಬರೆಯುವ ಪತ್ರದಲ್ಲಿ ಏನಿರಬೇಕು?

ಗೆಳೆಯರೇ, ನಿಮ್ಮಲ್ಲಿ ಜಾಸ್ತಿ ಜನ ಮನೆಯಲ್ಲಿ ಟ್ಯೂಷನ್ ಹೇಳುವವರು. ಈಗ ಸಿಇಟಿ ಕೋಚಿಂಗ್ ಸೆಂಟರ್‌ಗೆ ಅರ್ಜಿ ಹಾಕಲು ಹೊರಟಿದ್ದೀರಿ. ನಾನು ಫಿಸಿಕ್ಸ್ ಮೇಷ್ಟ್ರು, ಹಾಗಾಗಿ ಆ ವಿಷಯದ ಪತ್ರವನ್ನೇ ಇಟ್ಟುಕೊಂಡು ಮಾತಾಡುತ್ತೇನೆ.

ನನ್ನ ಮೊದಲ ಪತ್ರದಲ್ಲಿ "ವಿಷಯದ ಮೇಲೆ ಒಳ್ಳೆಯ ಹಿಡಿತವಿದೆ, ನೂರಕ್ಕೆ ನೂರು ಫಲಿತಾಂಶ" ಎಂದು ಬರೆದಿದ್ದೆ. ಉತ್ತರವೇ ಬರಲಿಲ್ಲ. ಮುಂದೆ ಇಂಥ ಪತ್ರಗಳನ್ನು ಓದುವ ಕೆಲಸ ನನಗೇ ಬಂತು. ಆಗ ನೋಡಿದರೆ ಎಲ್ಲರೂ ಬರೆಯುವುದು ಅದೇ ಸಾಲು.

ಹಿಡಿತವಿದೆ ಎಂದು ಹೇಳಬೇಡಿ, ಒಂದು ಲೆಕ್ಕ ಹಿಡಿದು ತೋರಿಸಿ. ಒರಟು ನೆಲದ ಮೇಲೆ 2 ಕೆಜಿಯ ಪೆಟ್ಟಿಗೆ ಇದೆ. ಸ್ಥಿರ ಘರ್ಷಣೆಯ ಗುಣಾಂಕ 0.5. ಅಡ್ಡಲಾಗಿ 6 ನ್ಯೂಟನ್ ಬಲದಿಂದ ತಳ್ಳಿದರೆ ಘರ್ಷಣೆ ಎಷ್ಟು? ಗುರುತ್ವ 10 ಎಂದಿಟ್ಟುಕೊಳ್ಳಿ. ಸೂತ್ರ ಬಾಯಿಪಾಠ ಮಾಡಿದ ಮಕ್ಕಳು ಗುಣಾಂಕವನ್ನು 20 ನ್ಯೂಟನ್‌ನಿಂದ ಗುಣಿಸಿ, 10 ಎಂದು ಟಿಕ್ ಮಾಡಿಬಿಡುತ್ತಾರೆ. ಆದರೆ 10 ಅನ್ನೋದು ಘರ್ಷಣೆ ತಡೆಯಬಲ್ಲ ಗರಿಷ್ಠ ಮಿತಿ ಮಾತ್ರ. ತಳ್ಳಿದ್ದು 6, ಪೆಟ್ಟಿಗೆ ಕದಲೋದೇ ಇಲ್ಲ, ಆದ್ದರಿಂದ ಘರ್ಷಣೆಯೂ 6. ನಿಜಕ್ಕೂ 10 ಇದ್ದಿದ್ದರೆ ಪೆಟ್ಟಿಗೆ ತಳ್ಳಿದವನ ಕಡೆಗೇ ಬರಬೇಕಿತ್ತು, ಅಲ್ವಾ?

ಇದನ್ನು ಪತ್ರದಲ್ಲಿ ನಾಲ್ಕು ಸಾಲಿನಲ್ಲಿ ಬರೆಯಿರಿ. ಕೆಳಗೆ ಇನ್ನೊಂದು ಸಾಲು ಸೇರಿಸಿ: "ಸೂತ್ರ ಹಾಕುವ ಮೊದಲು 'ಪೆಟ್ಟಿಗೆ ಕದಲುತ್ತದೆಯೇ?' ಎಂದು ಮಕ್ಕಳನ್ನು ಕೇಳುತ್ತೇನೆ." ಓದುವವರಿಗೆ ನೀವು ತರಗತಿಯಲ್ಲಿ ನಿಂತಂತೆಯೇ ಕಾಣುತ್ತದೆ.

ಇನ್ನು ಫಲಿತಾಂಶ. ಇಲ್ಲಿ ತುಂಬಾ ಜನ ರ‍್ಯಾಂಕ್ ಬರೆಯುತ್ತಾರೆ. ಆದರೆ ಎಂಜಿನಿಯರಿಂಗ್ ರ‍್ಯಾಂಕ್‌ಗೆ ಸಿಇಟಿ ಅಂಕ ಅರ್ಧ, ದ್ವಿತೀಯ ಪಿಯುಸಿ ಅಂಕ ಅರ್ಧ. ಅದರೊಳಗೆ ಗಣಿತ, ಕೆಮಿಸ್ಟ್ರಿ ಮೇಷ್ಟ್ರ ದುಡಿಮೆಯೂ ಇದೆ. ನಿಮ್ಮ ಪಾಲು ಫಿಸಿಕ್ಸ್‌ನ 60 ಅಂಕ, ಅದನ್ನೇ ಬರೆಯಿರಿ. ಎಷ್ಟು ಮಕ್ಕಳಿದ್ದರು ಎಂಬುದನ್ನೂ ಬಿಡಬೇಡಿ. "ಮೂವರಿಗೆ 50ಕ್ಕಿಂತ ಜಾಸ್ತಿ" ಅಂದರೆ, ಐವರಲ್ಲಿ ಮೂವರೋ, ನಲವತ್ತರಲ್ಲಿ ಮೂವರೋ? ಶುರುವಿನಲ್ಲಿ ನೀವೇ ಕೊಟ್ಟ ಟೆಸ್ಟ್‌ನ ಅಂಕವನ್ನು ಪಕ್ಕದಲ್ಲಿ ಇಡಿ. 18ರಿಂದ 34ಕ್ಕೆ ಏರಿದ ಹುಡುಗಿಯ ಸಾಲು, ಮೊದಲೇ 50 ತೆಗೆಯುತ್ತಿದ್ದ ಹುಡುಗನ ಸಾಲಿಗಿಂತ ನಿಮ್ಮ ಪಾಠದ ಬಗ್ಗೆ ಹೆಚ್ಚು ಹೇಳುತ್ತದೆ. ಮಧ್ಯದಲ್ಲೇ ಬಿಟ್ಟುಹೋದವರನ್ನೂ, ಬೇರೆ ಕಡೆ ಕೋಚಿಂಗ್‌ಗೆ ಹೋಗುತ್ತಿದ್ದವರನ್ನೂ ಮುಚ್ಚಿಡಬೇಡಿ. ಮನೆಯವರು ಒಪ್ಪದೆ ಮಕ್ಕಳ ಹೆಸರು, ಫೋಟೊ ಹಾಕಬೇಡಿ.

ಕೊನೆಗೆ ಡೆಮೊ ಕ್ಲಾಸ್ ಕೇಳಿ. "ಯಾವ ಪಾಠವಾದರೂ ಸರಿ" ಎನ್ನುವ ಬದಲು "ಘರ್ಷಣೆ, 20 ನಿಮಿಷ" ಎಂದು ಬರೆಯಿರಿ. ಇಷ್ಟಕ್ಕೆ ಒಂದು ಪುಟ ಸಾಕು. ಈಗ ಹಾಳೆ ತೆಗೆಯಿರಿ. ನಿಮ್ಮ ಮಕ್ಕಳು ಮತ್ತೆ ಮತ್ತೆ ತಪ್ಪುವ ಒಂದು ಲೆಕ್ಕ ಬರೆಯಿರಿ, ಒಬ್ಬೊಬ್ಬರದನ್ನೇ ನೋಡೋಣ.